ಎಫ್‌ಕೆಯಿಂದ ಐಕೆಗೆ ಬದಲಿಸಿದಾಗ ಅಂಗೈ ಕದಲುವುದಿಲ್ಲ, ಮೊಣಕೈ ಮಾತ್ರ ಜಿಗಿಯುತ್ತದೆ

ಡೊಂಬಿವಲಿ ಆನಿಮೇಟರ್:
ಎಲ್ಲರಿಗೂ ನಮಸ್ಕಾರ. ಬ್ಲೆಂಡರ್‌ನಲ್ಲಿ ಒಂದು ಪಾತ್ರದ ತೋಳಿಗೆ ರಿಗ್ ಕಟ್ಟುತ್ತಿದ್ದೇನೆ. ಪ್ಲಾಟ್‌ಫಾರ್ಮಿನಲ್ಲಿ ಕೈಬೀಸಿ ನಡೆದು ಬಂದವನು ಲೋಕಲ್ ರೈಲನ್ನು ಹತ್ತಿ, ತಲೆಯ ಮೇಲಿನ ಹಿಡಿಕೆಯನ್ನು ಹಿಡಿದು ನಿಲ್ಲಬೇಕು. ನಡಿಗೆಗೆ ಎಫ್‌ಕೆ, ಹಿಡಿಕೆಗೆ ಐಕೆ ಇಟ್ಟು, ಎರಡರ ನಡುವಿನ ಬದಲಾವಣೆಯನ್ನು 0 ಮತ್ತು 1ರ ಒಂದು ಕಸ್ಟಮ್ ಪ್ರಾಪರ್ಟಿಯಿಂದ ನಡೆಸುತ್ತಿದ್ದೇನೆ. ಬದಲಿಸುವ ಫ್ರೇಮಿನಲ್ಲಿ ಐಕೆ ಅಂಗೈಯನ್ನು ಎಫ್‌ಕೆ ಅಂಗೈ ಇದ್ದಲ್ಲಿಗೆ ತರುವ ಸ್ಕ್ರಿಪ್ಟ್ ಬರೆದಿದ್ದೇನೆ. ಅದೇ ಸ್ಕ್ರಿಪ್ಟ್ ಪೋಲ್ ಟಾರ್ಗೆಟನ್ನು ಮೊಣಕೈಯ ನೇರ ಹಿಂದೆ 40 ಸೆಂ.ಮೀ. ದೂರದಲ್ಲಿ ಇಡುತ್ತದೆ. ಕೈ ಕೆಳಗಿರುವಾಗ ಎಲ್ಲವೂ ಸರಿಯಿದೆ. ಕೈ ಮೇಲೆತ್ತಿದ ಭಂಗಿಯಲ್ಲಿ ಬದಲಿಸಿದರೆ ಮೊಣಕೈ ಒಂದೇ ಫ್ರೇಮಿನಲ್ಲಿ ಬೇರೆ ದಿಕ್ಕಿಗೆ ತಿರುಗಿಬಿಡುತ್ತದೆ.

ವಾಶಿ ಮಾಡೆಲರ್:
ಐಕೆ ಕನ್ಸ್ಟ್ರೇಂಟಿನಲ್ಲಿ ಪೋಲ್ ಆಂಗಲ್ 0 ಇದ್ದರೆ ಅದನ್ನು -90 ಮಾಡಿ ನೋಡಿ. ನನ್ನ ರಿಗ್ಗಿನಲ್ಲಿ ಮೊಣಕೈ ಹೀಗೆಯೇ ತಿರುಗುತ್ತಿತ್ತು, ಅಷ್ಟರಿಂದಲೇ ಸರಿಹೋಯಿತು.

ಕೋಥ್ರೂಡ್ ರಿಗ್ಗರ್:
ವಾಶಿಯವರು ಹೇಳಿದ್ದು ನಿಜವಾದ ತೊಂದರೆಯೇ, ಆದರೆ ಇಲ್ಲಿರುವುದು ಅದಲ್ಲ ಎಂದು ನನಗೆ ಅನ್ನಿಸುತ್ತದೆ. ಎರಡನ್ನೂ ಬೇರ್ಪಡಿಸಲು ಸುಲಭದ ಪರೀಕ್ಷೆಯೊಂದಿದೆ: ರಿಗ್ಗನ್ನು ಮೂಲ ಭಂಗಿಗೆ ತಂದು, ಐಕೆಯ ಇನ್‌ಫ್ಲುಯೆನ್ಸನ್ನು 0ಯಿಂದ 1ಕ್ಕೆ ಎಳೆಯಿರಿ. ಆಗ ಮೇಲ್ದೋಳು ಹೊರಳಿದರೆ ಪೋಲ್ ಆಂಗಲ್ ತಪ್ಪಿದೆ. ಸರಿಯಾದ ಬೆಲೆ ಮೇಲ್ದೋಳಿನ ಬೋನ್ ರೋಲನ್ನು ಅವಲಂಬಿಸುವುದರಿಂದ, ಒಬ್ಬರ -90 ಇನ್ನೊಬ್ಬರ ರಿಗ್ಗಿಗೆ ಹೊಂದಬೇಕೆಂದಿಲ್ಲ. ಮೇಲ್ದೋಳು ಅಲ್ಲಾಡದೆ ನಿಂತರೆ ಕೋನ ಸರಿಯಿದೆ, ಪೋಲ್ ಇಡುವ ಜಾಗ ತಪ್ಪಿದೆ.

ಪೋಲ್ ಇರಬೇಕಾದದ್ದು ಮೊಣಕೈಯ ಹಿಂದೆ ಅಲ್ಲ. ಭುಜ, ಮೊಣಕೈ, ಮಣಿಕಟ್ಟು ಈ ಮೂರು ಬಿಂದುಗಳು ಆ ಕ್ಷಣದಲ್ಲಿ ಮಾಡುವ ಸಮತಲದಲ್ಲಿ, ಮೊಣಕೈ ಬಾಗಿರುವ ಕಡೆಗೆ. ಕೈ ಇಳಿಬಿಟ್ಟಾಗ ಆ ದಿಕ್ಕು ಆಕಸ್ಮಿಕವಾಗಿ ದೇಹದ ಹಿಂಬದಿಯೇ ಆಗಿರುತ್ತದೆ, ಆದ್ದರಿಂದ ನಿಮ್ಮ ಸ್ಕ್ರಿಪ್ಟ್ ಅಲ್ಲಿ ಸರಿಯಾಗಿ ಕಂಡಿತು. ಹಿಡಿಕೆಗೆ ಕೈ ಎತ್ತಿದಾಗ ಮೊಣಕೈ ಮುಂದಕ್ಕೂ ಹೊರಕ್ಕೂ ನೋಡುತ್ತದೆ, ಆದರೂ ಪೋಲ್ ಬೆನ್ನ ಹಿಂದೆಯೇ ಉಳಿಯುತ್ತದೆ. ಭುಜದಿಂದ ಮಣಿಕಟ್ಟಿಗೆ ಗೆರೆ ಎಳೆದು, ಮೊಣಕೈಯಿಂದ ಅದಕ್ಕೆ ಲಂಬ ಇಳಿಸಿ, ಲಂಬದ ಪಾದದಿಂದ ಮೊಣಕೈಯ ಕಡೆಗಿನ ದಿಕ್ಕನ್ನೇ ಮುಂದುವರಿಸಿ:

```python
from mathutils import Matrix

S, E, W = ua.head, fa.head, fa.tail
a = W - S
p = S + a * ((E - S).dot(a) / a.dot(a))
d = (E - p).normalized()
pole.matrix = Matrix.Translation(E + d * (ua.length + fa.length))
```

ಇಲ್ಲಿ `ua`, `fa` ಎಫ್‌ಕೆ ಸರಪಳಿಯ ಮೇಲ್ದೋಳು ಮತ್ತು ಮುಂಗೈ ಬೋನ್‌ಗಳು, `pole` ಪೋಲ್ ಬೋನ್. ಎಲ್ಲವೂ ಒಂದೇ ಆರ್ಮೇಚರಿನವು ಎಂದು ಭಾವಿಸಿದ್ದೇನೆ. ದೂರ ಎಷ್ಟಿದ್ದರೂ ದಿಕ್ಕು ಬದಲಾಗದು, ಆದರೆ ಪೋಲ್ ತೀರ ಹತ್ತಿರವಿದ್ದರೆ ಮುಂದೆ ಅಂಗೈಯನ್ನು ಸ್ವಲ್ಪ ಸರಿಸಿದರೂ ಮೊಣಕೈ ಬೇಗ ತಿರುಗುತ್ತದೆ. ಇನ್ನೊಂದು ಮಾತು: ಎಫ್‌ಕೆ ಮೊಣಕೈಯನ್ನು ಬಾಗುವ ಒಂದೇ ಅಕ್ಷಕ್ಕೆ ಲಾಕ್ ಮಾಡಿ. ಆನಿಮೇಟರ್ ಅದನ್ನು ತಿರುಚಿದ್ದರೆ ಆ ತಿರುಚನ್ನು ಐಕೆ ಸರಪಳಿ ಮರಳಿ ಕೊಡುವುದಿಲ್ಲ.

ಮಡಗಾಂವ್ ಗೇಮ್ ಕಲಾವಿದೆ:
ನನ್ನ ಪಾತ್ರದ ಮಂಡಿ ಕೂಡ ಹೀಗೆಯೇ ಕೆಲವೊಮ್ಮೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಅದಕ್ಕೂ ಇದೇ ಲೆಕ್ಕ ಸಾಕೇ?

ಕೋಥ್ರೂಡ್ ರಿಗ್ಗರ್:
ಮೇಡಂ, ನಿಮ್ಮದು ಬದಲಾವಣೆಯ ತೊಂದರೆಯಲ್ಲ. ಎಡಿಟ್ ಮೋಡಿನಲ್ಲಿ ಕಾಲು ನೇರ ಗೆರೆಯಂತಿದ್ದರೆ ಯಾವ ಕಡೆಗೆ ಮಡಚಬೇಕೆಂಬುದು ಸಾಲ್ವರಿಗೆ ಸ್ಪಷ್ಟವಾಗುವುದಿಲ್ಲ. ಮಂಡಿಯನ್ನು ತುಸು ಮುಂದಕ್ಕೆ ಸರಿಸಿಟ್ಟು ನೋಡಿ.

ಡೊಂಬಿವಲಿ ಆನಿಮೇಟರ್:
ಸರ್, ಪರೀಕ್ಷೆಯಲ್ಲಿ ಮೇಲ್ದೋಳು ಹೊರಳಲಿಲ್ಲ. ನಿಮ್ಮ ಲೆಕ್ಕ ಹಾಕಿದ ಮೇಲೆ ಮೊಣಕೈಯ ಜಿಗಿತ ನಿಂತಿತು, ತುಂಬಾ ಧನ್ಯವಾದಗಳು. ಆದರೆ ಐಕೆ ಅಂಗೈ ರೈಲಿನ ಹಿಡಿಕೆಯ ಜೊತೆ ತೂಗಲೆಂದು ಅದಕ್ಕೆ ಚೈಲ್ಡ್ ಆಫ್ ಕನ್ಸ್ಟ್ರೇಂಟ್ ಹಾಕಿದರೆ, ಅದೇ ಸ್ಕ್ರಿಪ್ಟ್ ಅಂಗೈಯನ್ನೇ ಬೇರೆಡೆಗೆ ಎಸೆಯುತ್ತದೆ.

ಕೋಥ್ರೂಡ್ ರಿಗ್ಗರ್:
`matrix`ಗೆ ಬೆಲೆ ಕೊಡುವಾಗ ಬ್ಲೆಂಡರ್ ಆ ಬೋನಿನ ಪೇರೆಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆ ಬೋನಿನ ಮೇಲಿರುವ ಕನ್ಸ್ಟ್ರೇಂಟನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹಿಡಿಕೆಯ ಚಲನೆ ಎರಡನೆಯ ಸಲ ಸೇರಿಕೊಳ್ಳುತ್ತದೆ. ಅಂಗೈ ಬೋನಿಗೆ ಒಂದು ಪೇರೆಂಟ್ ಬೋನ್ ಕೊಟ್ಟು ಚೈಲ್ಡ್ ಆಫನ್ನು ಅದಕ್ಕೆ ವರ್ಗಾಯಿಸಿ, ಸ್ಕ್ರಿಪ್ಟ್ ಅಂಗೈಯನ್ನು ಮಾತ್ರ ಮುಟ್ಟಲಿ. ಪ್ರಾಪರ್ಟಿಯ ಕೀಗಳನ್ನು ಕಾನ್ಸ್ಟೆಂಟ್ ಇಂಟರ್‌ಪೊಲೇಶನ್ನಿಗೆ ಹಾಕುವುದನ್ನೂ ಮರೆಯಬೇಡಿ.

ವಾಶಿ ಮಾಡೆಲರ್:
ತೋಳು ಪೂರ್ತಿ ನೇರವಾಗಿದ್ದ ಫ್ರೇಮಿನಲ್ಲಿ ಬದಲಿಸಿದರೆ `E - p` ಸೊನ್ನೆಯಾಗುತ್ತದಲ್ಲ, ಆಗ ದಿಕ್ಕು ಎಲ್ಲಿಂದ ಬರಬೇಕು?

ಕೋಥ್ರೂಡ್ ರಿಗ್ಗರ್:
ಒಳ್ಳೆಯ ಪ್ರಶ್ನೆ. ಆಗ ಸಮತಲವೇ ಇರುವುದಿಲ್ಲ. ನಾನು ಎಫ್‌ಕೆ ಮೇಲ್ದೋಳಿನ ಬಾಗುವ ಅಕ್ಷಕ್ಕೆ ಲಂಬವಾದ ಅಕ್ಷವನ್ನು ದಿಕ್ಕಾಗಿ ಬಳಸುತ್ತೇನೆ. ಆದರೆ ಪೂರ್ತಿ ನೇರಕ್ಕೆ ಸ್ವಲ್ಪವೇ ಮೊದಲಿನ ಭಂಗಿಗಳಲ್ಲಿ ಎರಡು ಲೆಕ್ಕಗಳ ಉತ್ತರ ಕೆಲವೊಮ್ಮೆ ಬೇರೆಯಾಗಿ ಸಣ್ಣ ಜಿಗಿತ ಉಳಿಯುತ್ತದೆ. ಯಾವ ಕೋನದಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂದು ಯಾರಾದರೂ ನಿರ್ಧರಿಸಿದ್ದರೆ ದಯವಿಟ್ಟು ಬರೆಯಿರಿ.