ಪದಚರ್ಚೆ: ‘ತಿದ್ದಿದ ಸುತ್ತಳತೆ’ ಅಂದರೆ ಅಳತೆಯಲ್ಲಿ ತಪ್ಪಾಗಿತ್ತು ಅಂತಲೇ?

ಅನುವಾದಕಿ: ಕ್ರೀಡಾಪಟುಗಳ ಅಳತೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕರೆಕ್ಟೆಡ್ ಗರ್ತ್’ ಎಂಬ ಮಾತು ಪದೇ ಪದೇ ಬರುತ್ತದೆ. ತೊಡೆಗೂ ಇದೆ, ಮೀನಖಂಡಕ್ಕೂ ಇದೆ. ‘ತಿದ್ದಿದ ಸುತ್ತಳತೆ’ ಎಂದು ಬರೆದೆ. ಓದಿದವರೊಬ್ಬರು, ‘ಮೊದಲು ಟೇಪು ಹಿಡಿದವರು ತಪ್ಪು ಮಾಡಿದ್ದರಾ?’ ಎಂದು ಕೇಳಿದರು. ಬೇರೆ ಪದ ಇದೆಯಾ? ಇದರಿಂದ ಲೆಕ್ಕ ಹಾಕುವ ‘ಮಸಲ್ ಏರಿಯಾ’ಗೆ ಏನನ್ನಬೇಕು?

ಗಣಿತದ ಮೇಷ್ಟ್ರು: ಟೇಪು ಕೊಡುವುದು ಚರ್ಮ, ಕೊಬ್ಬು, ಮಾಂಸ ಎಲ್ಲವನ್ನೂ ಸುತ್ತಿದ ಅಳತೆ. ಅದರಲ್ಲಿ ಕೊಬ್ಬಿನ ಪಾಲನ್ನು ಕಳೆಯುತ್ತಾರೆ, ಅಷ್ಟೇ. ‘ಕೊಬ್ಬು ಕಳೆದ ಸುತ್ತಳತೆ’ ಎಂದು ಬರೆಯಿರಿ. ಆದರೆ ಕೈಪಿಡಿಯ ಸೂತ್ರ ನೋಡಿಕೊಳ್ಳಿ. ಕೊಬ್ಬಿನ ದಪ್ಪ ತಿಳಿಯಲು ಚರ್ಮವನ್ನು ಕೊಬ್ಬಿನ ಸಮೇತ ಮಡಿಚಿ, ದಪ್ಪ ಅಳೆಯುವ ಚಿಮಟದಲ್ಲಿ ಹಿಡಿಯುತ್ತಾರೆ. ಆ ಮಡಿಕೆಯಲ್ಲಿ ಚರ್ಮ, ಕೊಬ್ಬು ಎರಡು ಪದರ ಇರುತ್ತದೆ. ಹಾಗಾಗಿ ಮಡಿಕೆಯ ಅರ್ಧವನ್ನು πಯಿಂದ ಗುಣಿಸಿ ಕಳೆಯಬೇಕು.

ಅಳತೆ ತೆಗೆಯುವವರು: ಪದ ಒಪ್ಪಿದೆ, ಲೆಕ್ಕ ಒಪ್ಪಲಿಲ್ಲ ಮೇಷ್ಟ್ರೇ. ಎರಡು ಪದರ ಅನ್ನುವುದು ನಿಜ, ಒಂದು ಬದಿಯ ಪದರ ಮಡಿಕೆಯ ಅರ್ಧ. ಆದರೆ ಕಾಲನ್ನು ಅಡ್ಡ ಕೊಯ್ದು ನೋಡಿದರೆ ಆ ಪದರ ಈಚೆಗೂ ಇದೆ, ಆಚೆಗೂ ಇದೆ. ಎರಡು ಅರ್ಧ ಸೇರಿ ವ್ಯಾಸದಲ್ಲಿ ಪೂರ್ತಿ ಮಡಿಕೆಯಷ್ಟು ಕಡಿಮೆಯಾಗುತ್ತದೆ. ವ್ಯಾಸದಲ್ಲಿ ಕಡಿಮೆಯಾದದ್ದನ್ನು πಯಿಂದ ಗುಣಿಸಿದರೆ ಸುತ್ತಿನಲ್ಲಿ ಕಡಿಮೆಯಾದದ್ದು ಸಿಗುತ್ತದೆ. ಅರ್ಧ ಮಾಡಬೇಡಿ.

```
ಕೊಬ್ಬು ಕಳೆದ ಸುತ್ತಳತೆ = C - π × S
ವಿಸ್ತೀರ್ಣ = (C - π × S)² / (4 × π)
```

C ಟೇಪಿನ ಅಳತೆ, S ಮಡಿಕೆಯ ದಪ್ಪ.

ಇನ್ನೊಬ್ಬರು: ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ಬಲ ತೊಡೆ 52 ಸೆಂ.ಮೀ., ಎಡ 51. ‘ಒಂದೇ ಸೆಂಟಿಮೀಟರ್, ಚಿಂತೆ ಬೇಡ’ ಅಂದರು. ಆದರೆ ಮೆಟ್ಟಿಲು ಹತ್ತುವಾಗ ಎಡಗಾಲು ನಡುಗುತ್ತದೆ. ಮಡಿಕೆ ಬಲಕ್ಕೆ 16, ಎಡಕ್ಕೆ 22 ಬಂದಿತ್ತು. ನಿಮ್ಮ ಸೂತ್ರಕ್ಕೆ ಹಾಕಿದರೆ ಎಡ ತೊಡೆ ಮೈನಸ್ 18 ಬಂತು. ತೊಡೆಯೇ ಇಲ್ಲ ಅಂತಾಯ್ತಲ್ಲ!

ಅಳತೆ ತೆಗೆಯುವವರು: ತೊಡೆ ಇದೆ, ಹೆದರಬೇಡಿ. ಚಿಮಟ ಮಿಲಿಮೀಟರಿನಲ್ಲಿ ಹೇಳುತ್ತದೆ, ಟೇಪು ಸೆಂಟಿಮೀಟರಿನಲ್ಲಿ. 22 ಅನ್ನು 2.2 ಮಾಡಿಕೊಳ್ಳಿ. ಮೈನಸ್ ಬಂದದ್ದು ಒಳ್ಳೆಯದೇ ಆಯಿತು, ತಪ್ಪು ಗೊತ್ತಾಯಿತು. ತೆಳ್ಳಗಿನವರಲ್ಲಿ ಮಡಿಕೆ ಬರೀ 4 ಇರುತ್ತದೆ. ಆಗ ಇದೇ ತಪ್ಪು ಮಾಡಿದರೂ ನಂಬುವಂಥ ಸಂಖ್ಯೆಯೇ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ನಿಮ್ಮ ಬಲ ತೊಡೆ 52ರಲ್ಲಿ ಸುಮಾರು 5 ಕಳೆದರೆ 47. ಎಡ 51ರಲ್ಲಿ ಸುಮಾರು 6.9 ಕಳೆದರೆ 44.1. ಒಂದು ಸೆಂಟಿಮೀಟರ್ ಇದ್ದ ವ್ಯತ್ಯಾಸ ಮೂರರ ಹತ್ತಿರ ಬಂತು. ವಿಸ್ತೀರ್ಣ ಬಲಕ್ಕೆ ಸುಮಾರು 176 ಚದರ ಸೆಂ.ಮೀ., ಎಡಕ್ಕೆ 155. ಟೇಪಿನಲ್ಲಿ ಶೇ. 2 ಕಡಿಮೆ ಕಂಡದ್ದು ಇಲ್ಲಿ ಶೇ. 12ರಷ್ಟಾಯಿತು. ಮಾಂಸ ಕರಗಿದ ಜಾಗವನ್ನು ಕೊಬ್ಬು ತುಂಬಿಕೊಂಡು ಟೇಪನ್ನು ಏಮಾರಿಸಿದೆ ಅಂತ ಕಾಣುತ್ತದೆ.

ಹಾಗಂತ 155 ಅನ್ನು ಕಲ್ಲಿನಲ್ಲಿ ಕೆತ್ತಬೇಡಿ. ಸೂತ್ರ ತೊಡೆಯನ್ನು ಪೂರ್ತಿ ಗುಂಡಗೆ ಅಂದುಕೊಳ್ಳುತ್ತದೆ. ಮಡಿಕೆಯನ್ನೂ ಮುಂಭಾಗದಲ್ಲಿ ಒಂದೇ ಕಡೆ ಹಿಡಿಯುತ್ತೇವೆ, ಆದರೆ ಕೊಬ್ಬು ಸುತ್ತಲೂ ಒಂದೇ ದಪ್ಪ ಇರುವುದಿಲ್ಲ. ಬಾವು ಇಳಿಯದಿದ್ದರೆ ಎರಡು ಅಳತೆಯೂ ಕೆಡುತ್ತವೆ. ಬೆರಳಿನಿಂದ ಒತ್ತಿದ ಜಾಗದಲ್ಲಿ ಗುಳಿ ನಿಂತರೆ ಆ ದಿನ ಅಳೆಯದಿರುವುದೇ ವಾಸಿ. ಎರಡೂ ಕಾಲನ್ನು ಒಬ್ಬರೇ, ಒಂದೇ ಎತ್ತರದಲ್ಲಿ ಗುರುತು ಹಾಕಿ ಅಳೆದಿದ್ದಾರಾ ಅಂತಲೂ ಕೇಳಿ.

ಅನುವಾದಕಿ: ‘ಕೊಬ್ಬು ಕಳೆದ ಸುತ್ತಳತೆ’ ಇಟ್ಟುಕೊಳ್ಳುತ್ತೇನೆ. ಆ ವಿಸ್ತೀರ್ಣಕ್ಕೆ ‘ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ’ ಅಂದರೆ ಆಯ್ತಾ?

ಅಳತೆ ತೆಗೆಯುವವರು: ಒಂದು ತಕರಾರಿದೆ. ಅದರೊಳಗೆ ಮೂಳೆಯೂ ಇದೆಯಲ್ಲ. ತೋಳಿನ ಲೆಕ್ಕದಲ್ಲಿ ಗಂಡಸರಿಗೆ 10, ಹೆಂಗಸರಿಗೆ 6.5 ಚದರ ಸೆಂ.ಮೀ. ಕಳೆಯುವ ಪದ್ಧತಿ ಇದೆ. ಅದನ್ನು ಕಾಲಿಗೆ ತಂದು ಅಂಟಿಸಬಾರದು. ಮೇಲಿನವರ ಎರಡು ತೊಡೆಯಲ್ಲೂ ಮೂಳೆ ಹೆಚ್ಚುಕಡಿಮೆ ಒಂದೇ ಅಳತೆ. ಅದನ್ನು ತೆಗೆದರೆ ಬರೀ ಸ್ನಾಯುವಿನ ನಷ್ಟ ಶೇ. 12ಕ್ಕಿಂತ ಜಾಸ್ತಿಯೇ ಆಗುತ್ತದೆ. ಅದಕ್ಕೇ ನಾನು ‘ಸ್ನಾಯು-ಮೂಳೆ ವಿಸ್ತೀರ್ಣ’ ಅನ್ನುತ್ತೇನೆ.

ಗಣಿತದ ಮೇಷ್ಟ್ರು: ಅರ್ಧದ ವಿಷಯ ಒಪ್ಪಿದೆ, ಚಿತ್ರ ಬರೆದು ನೋಡಿದೆ. ಆದರೆ ಮೂಲದಲ್ಲಿ ಬರೀ ‘ಮಸಲ್’ ಅಂತಿದ್ದರೆ ಅನುವಾದಕರು ಮೂಳೆ ಸೇರಿಸುವುದು ಸರಿಯಾ?

ಅನುವಾದಕಿ: ನನಗೂ ಅದೇ ಅಳುಕು. ಸದ್ಯಕ್ಕೆ ಮೂಲದಂತೆ ‘ಸ್ನಾಯು’ ಅಂತಲೇ ಇಟ್ಟು, ಮೊದಲ ಸಲ ಬಂದಲ್ಲಿ ಮೂಳೆಯೂ ಸೇರಿದೆ ಎಂದು ಒಂದು ಸಾಲು ಬರೆಯುತ್ತೇನೆ. ಕೈಪಿಡಿ ಬರೆದವರನ್ನೂ ಕೇಳಬೇಕು.

ಇನ್ನೊಬ್ಬರು: ಬಲ ತೊಡೆಯನ್ನು ಒಬ್ಬರು, ಎಡವನ್ನು ಇನ್ನೊಬ್ಬರು ಅಳೆದಿದ್ದರು. ಸೋಮವಾರ ಮತ್ತೆ ಹೋಗುತ್ತೇನೆ.