ರವಿ ಹಾಕಿದ ಬ್ಲಾಂಡ್ ಫೋಟೋ: ಫೋಟೋಗ್ರಫಿ ಬ್ಯಾಚ್ ಗುಂಪಿನ ಚರ್ಚೆ

ರವಿ: 📷 ಫೋಟೋ
ಫೋಟೋಶಾಪ್‌ನಲ್ಲಿ ಕಪ್ಪು ಕೂದಲನ್ನ ಪ್ಲಾಟಿನಂ ಬ್ಲಾಂಡ್ ಮಾಡಿದ್ದೀನಿ. ನಾಳೆ ಕ್ಲೈಂಟ್‌ಗೆ ಕೊಡ್ಬೇಕು. ಹೇಗಿದೆ ಹೇಳಿ.

ಸುಮಕ್ಕ: ವಿಗ್ ಇಟ್ಟ ಹಾಗಿದೆ ರವಿ. ತಲೆ ಮೇಲೆ ಬೂದಿ ಎರಚಿದ ಹಾಗೆ ಒಂದೇ ಸಮ ಕಾಣ್ತಿದೆ. ಏನೇನು ಹಾಕಿದೆ?

ರವಿ: Hue/Saturation ಅಲ್ಲಿ Lightness +60. ಅದರ ಮೇಲೆ ತಿಳಿ ಹಳದಿ, Color ಮೋಡ್. ಮಾಸ್ಕ್ ನೀಟಾಗಿದೆಯಲ್ಲ ಅಕ್ಕಾ, ತಪ್ಪೆಲ್ಲಿ?

ಪ್ರಕಾಶಣ್ಣ: ನಂಗೂ ಬಣ್ಣದ್ದೇ ತಪ್ಪು ಅನ್ಸುತ್ತೆ. ಹಳದಿ ಜಾಸ್ತಿ. ಸ್ವಲ್ಪ ನೀಲಿ ಕೊಟ್ರೆ ಸರಿಹೋಗುತ್ತೆ.

ಸುಮಕ್ಕ: ಇಲ್ಲ ಪ್ರಕಾಶಣ್ಣ, ಬಣ್ಣ ಆಮೇಲಿನ ಮಾತು. ಬೆಳಕೇ ಕೆಟ್ಟಿದೆ. ರವಿ, ಒರಿಜಿನಲ್ ತೆಗೆದು ಇನ್ಫೋ ಪ್ಯಾನೆಲ್‌ನಲ್ಲಿ ಮೂರು ಜಾಗ ನೋಡು: ಕಿವಿ ಹಿಂದಿನ ನೆರಳು, ಮಾಮೂಲಿ ಎಳೆ, ಮೇಲಿನ ಹೊಳಪಿನ ಪಟ್ಟಿ.

ರವಿ: ಹತ್ರಹತ್ರ 15, 35, 130.

ಸುಮಕ್ಕ: ಈಗ ಲೆಕ್ಕ ಹಾಕು. Lightness +60 ಅಂದ್ರೆ ಪ್ರತಿ ಪಿಕ್ಸೆಲ್‌ಗೂ ಬಿಳಿ ಬೆರೆಸೋದು: ಪೂರ್ತಿ ಬಿಳಿ ಅಂದ್ರೆ 255, ಅದಕ್ಕೆ ಎಷ್ಟು ಬಾಕಿಯೋ ಅದರಲ್ಲಿ ನೂರಕ್ಕೆ ಅರವತ್ತು ಭಾಗ ಸೇರುತ್ತೆ. 15 ಹೋಗಿ 159 ಆಯ್ತು, 35 ಹೋಗಿ 167. ನೆರಳಿಗೂ ಎಳೆಗೂ ಮೊದಲು 20 ವ್ಯತ್ಯಾಸ ಇತ್ತು, ಈಗ ಬರೀ 8. ಎಳೆ ಎಳೆಯಾಗಿ ಕಾಣ್ಬೇಕಾದ ಕೂದಲು ಹತ್ತಿ ಆಗಿದ್ದು ಅಲ್ಲೇ. Color ಮೋಡ್ ಬೆಳಕನ್ನ ಮುಟ್ಟೋದೇ ಇಲ್ಲ, ಹಾಗಾಗಿ ಅದರಿಂದ ಇದು ವಾಪಸ್ ಬರಲ್ಲ.

ರವಿ: ಹೊಳಪು 205ಕ್ಕೆ ಬಂದಿದೆ, ಅದಾದ್ರೂ ಸರಿ ಇದೆ ಅಲ್ವಾ?

ಸುಮಕ್ಕ: ಅದರ ಅಂಚೇ ತೊಂದ್ರೆ. ಕಪ್ಪು ಕೂದಲು ಒಳಗೆ ಹೋದ ಬೆಳಕನ್ನೆಲ್ಲ ನುಂಗಿಬಿಡುತ್ತೆ, ನಮಗೆ ಕಾಣೋದು ಮೇಲ್ಮೈಯಲ್ಲಿ ಪ್ರತಿಫಲಿಸಿದ್ದು ಮಾತ್ರ. ಅದಕ್ಕೇ ಆ ಪಟ್ಟಿ ಅಷ್ಟು ಚೂಪು. ಬ್ಲಾಂಡ್ ಎಳೆಯಲ್ಲಿ ಬೆಳಕು ಒಳಗೆ ಹೊಕ್ಕು ಆಚೆ ಬರುತ್ತೆ, ಪಕ್ಕದ ಎಳೆಗಳಿಗೂ ಹಂಚುತ್ತೆ. ಹಾಗಾಗಿ ಹೊಳಪು ಅಗಲ, ಮೆತ್ತಗೆ. ನೆರಳು ಇರುತ್ತೆ, ಆದ್ರೆ ಕಪ್ಪಾಗಿರಲ್ಲ, ಬೂದು ಮಿಶ್ರಿತ ಕಂದು.

ಪ್ರಕಾಶಣ್ಣ: ಒಪ್ಪಿದೆ. ಹಾಗಾದ್ರೆ Curves?

ಸುಮಕ್ಕ: ಹೌದು. ಕೂದಲಿನ ಮಾಸ್ಕ್ ಹಾಕಿ Curves, ಬ್ಲೆಂಡ್ Luminosity. Normal ಇದ್ರೆ ಒಳಗಿರೋ ಕೆಂಪು ಎದ್ದು ಕಿತ್ತಳೆ ಆಗುತ್ತೆ. ಮೂರು ಬಿಂದು: 15ನ್ನ 85ಕ್ಕೆ, 35ನ್ನ 150ಕ್ಕೆ, 130ನ್ನ 225ಕ್ಕೆ. ಈಗ ನೆರಳಿಗೂ ಎಳೆಗೂ 65 ವ್ಯತ್ಯಾಸ.
ಅದರ ಮೇಲೆ Gradient Map, ಮೋಡ್ Color, ಅದೇ ಮಾಸ್ಕ್. ನೆರಳಿಗೆ #6E6050, ನಡುವೆ #BFAE94, ಹೊಳಪಿಗೆ #F1E9DB. ಒಂದೇ ಹಳದಿ ಎಲ್ಲಾ ಕಡೆ ಬಳಿದ್ರೆ ಪೇಂಟ್ ಹೊಡೆದ ಹಾಗೆ ಕಾಣುತ್ತೆ.

ರವಿ: ಮಾಡಿದೆ. ಜೀವ ಬಂತು! ಆದ್ರೆ ಕುತ್ತಿಗೆ ಹತ್ರ ತೇಲ್ತಿದೆ.

ಸುಮಕ್ಕ: ನೆರಳನ್ನ ಕೈಯಲ್ಲೇ ಕಟ್ಟು. ಹೊಸ ಲೇಯರ್, Multiply, 30%, ಬಣ್ಣ #8A7560. ಕಿವಿ ಹಿಂದೆ, ಕುತ್ತಿಗೆ ಬುಡ, ಒಂದು ಜೊಂಪೆ ಇನ್ನೊಂದರ ಮೇಲೆ ಬೀಳೋ ಕಡೆ, ಎಳೆ ಹೋಗೋ ದಿಕ್ಕಿನಲ್ಲೇ ಬ್ರಷ್ ಎಳಿ. ಕಪ್ಪು ಬಣ್ಣ ಬೇಡ, ಕೊಳೆ ಕಾಣುತ್ತೆ. ಬೈತಲೆ ಹತ್ರ ಬುಡದ ಕಪ್ಪು ಒಂಚೂರು ಉಳಿಸು. ಬ್ಲೀಚ್ ಮಾಡಿಸಿ ಕೆಲವು ವಾರ ಆದ ಮೇಲೆ ನಿಜವಾದ ಕೂದಲೂ ಹಾಗೇ ಇರುತ್ತೆ, ಹುಬ್ಬು ಕಪ್ಪಿದ್ರೂ ಆಗ ಹೊಂದ್ಕೊಳ್ಳುತ್ತೆ.

ಪ್ರಕಾಶಣ್ಣ: ಅಂಚಲ್ಲಿ ಹಾರಾಡೋ ಎಳೆ ಇನ್ನೂ ಕಪ್ಪಗಿವೆ ನೋಡು.

ರವಿ: ಮಾಸ್ಕ್ ದೊಡ್ಡದು ಮಾಡ್ಲಾ?

ಸುಮಕ್ಕ: ಬೇಡ, ಹಿಂದಿನ ಗೋಡೆಯೂ ಬೆಳಗಿ ಪ್ರಭಾವಳಿ ಬರುತ್ತೆ. ನಿನ್ನ ಗೋಡೆ 215ರ ಸುಮಾರಿದೆ. ಖಾಲಿ ಲೇಯರ್ ಹಾಕಿ ಅದನ್ನ Lighten ಮಾಡು, ಪಕ್ಕದ ಜೊಂಪೆಯಿಂದ 190ರ ಆಸುಪಾಸಿನ ಬಣ್ಣ ಎತ್ಕೊಂಡು ಅಂಚಿನ ಮೇಲೆ ಸವರು. 190ಕ್ಕಿಂತ ಕಪ್ಪಗಿರೋ ಎಳೆ ಮಾತ್ರ ಬದಲಾಗುತ್ತೆ, ಗೋಡೆ ಹಾಗೇ ಇರುತ್ತೆ. ಹಿನ್ನೆಲೆ ಕಪ್ಪಾಗಿದ್ರೆ ಈ ಉಪಾಯ ನಡೆಯಲ್ಲ, ಎರಡು ಪಿಕ್ಸೆಲ್ ಬ್ರಷ್‌ನಲ್ಲಿ ಒಂದೊಂದೇ ಎಳೆ ಬಿಡಿಸ್ಬೇಕು.

ಪ್ರಕಾಶಣ್ಣ: ಕೊನೆಗೆ ಎಲ್ಲದರ ಮೇಲೆ ಒಂದು Black & White ಲೇಯರ್ ಹಾಕಿ ನೋಡು ರವಿ. ಕಪ್ಪುಬಿಳುಪಲ್ಲೂ ಬ್ಲಾಂಡ್ ಅನ್ನಿಸ್ಬೇಕು. ನರೆಗೂದಲು ಅನ್ನಿಸಿದ್ರೆ ನೆರಳು ಸಾಲದು ಅಂತ.

ರವಿ: ನೋಡಿದೆ, ಪರವಾಗಿಲ್ಲ. ಆದ್ರೆ ನೆರಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆದಿದೆ, ಕೆಂಪು ಹಸಿರು ಚುಕ್ಕಿ ಬೇರೆ.

ಸುಮಕ್ಕ: ಜೆಪೆಗ್ ಮೇಲೆ ಮಾಡ್ತಿದ್ದೀಯಾ?

ರವಿ: ಹೌದಕ್ಕಾ.

ಸುಮಕ್ಕ: ಅಷ್ಟೇ ವಿಷ್ಯ. 15ರಿಂದ 35ರ ನಡುವೆ ಇದ್ದ ಇಪ್ಪತ್ತು ಮೆಟ್ಟಿಲನ್ನ 65 ಮೆಟ್ಟಿಲಷ್ಟು ಜಾಗಕ್ಕೆ ಎಳೆದಿದ್ದೀಯ. ಮಧ್ಯದ್ದು ಫೈಲ್‌ನಲ್ಲೇ ಇಲ್ಲ. ರಾ ಫೈಲ್ ಇದ್ರೆ 16 ಬಿಟ್‌ನಲ್ಲಿ ತೆರೆದು ಮೊದಲಿಂದ ಮಾಡು.

ರವಿ: ರಾ ಸಿಗಲ್ಲ, ಕ್ಲೈಂಟ್ ಕಳಿಸಿದ್ದೇ ಇದು.

ಸುಮಕ್ಕ: ಹಾಗಾದ್ರೆ ಪ್ಲಾಟಿನಂ ಬಿಡು. 35ನ್ನ 150ರ ಬದಲು 105ಕ್ಕೆ, 15ನ್ನ 60ಕ್ಕೆ ನಿಲ್ಲಿಸಿ ಜೇನು ಬಣ್ಣದ ಬ್ಲಾಂಡ್ ಮಾಡಿಕೊಡು. ಪ್ಲಾಟಿನಮ್ಮೇ ಬೇಕು ಅಂದ್ರೆ ರಾ ಕಳಿಸೋಕೆ ಇವತ್ತೇ ಹೇಳು.