ಸಹಾಯ ಬೇಕು: ಇ-ಸ್ಕೂಟರ್ ಇನ್‌ವಾಯ್ಸ್‌ನಲ್ಲಿ ಚಾಸಿ ನಂಬರ್ ತಪ್ಪಾಗಿದೆ

ನಮಸ್ಕಾರ. ಹೊಸ ಎಲೆಕ್ಟ್ರಿಕ್ ಸ್ಕೂಟರ್‌ನ ಇನ್‌ವಾಯ್ಸ್‌ನಲ್ಲಿ 17 ಅಂಕಿ-ಅಕ್ಷರಗಳ ಚಾಸಿ ನಂಬರಿನ ಒಂದು ಕಡೆ ಸೊನ್ನೆಯ ಬದಲು ಇಂಗ್ಲಿಷ್ ‘ಓ’ ಬಿದ್ದಿದೆ. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಬಳಸುವುದೇ ಇಲ್ಲ, ಹಾಗಾಗಿ ಇದು ಟೈಪಿಂಗ್ ತಪ್ಪೇ. ಮಾರಾಟ ಪತ್ರವಾದ ಫಾರ್ಮ್ 21, ಫಾರ್ಮ್ 22, ವಿಮೆ ಮೂರರಲ್ಲೂ ಸರಿಯಾಗಿದೆ.

ಪೆನ್ನಿನಲ್ಲಿ ತಿದ್ದಿ ಸೀಲ್ ಹಾಕಿಕೊಡುತ್ತೇನೆ ಅಂತಾರೆ ಡೀಲರ್. ಅದು ಕಾಗದದ ಮಟ್ಟಿಗೆ ಸರಿ. ಸಬ್ಸಿಡಿಗೆ ಅಪ್‌ಲೋಡ್ ಆದ ಪ್ರತಿ ಹಾಗೇ ಉಳಿದರೆ ನಾಳೆ ಆರ್‌ಸಿ ಜೊತೆ ತಾಳೆಯಾಗುವುದಿಲ್ಲ. ಹಳೆಯದನ್ನು ರದ್ದುಮಾಡಿ ಹೊಸ ಇನ್‌ವಾಯ್ಸ್ ಕೊಟ್ಟರೆ ನಂಬರ್, ದಿನಾಂಕ ಎರಡೂ ಬದಲಾಗುತ್ತವೆ. ಆಗ ಈಗಾಗಲೇ ಸಹಿಯಾದ ಸಬ್ಸಿಡಿ ವೋಚರ್ ನಡೆಯುತ್ತದೆಯೇ, ಅದನ್ನೂ ಹೊಸದಾಗಿ ಮಾಡಿಸಬೇಕೇ? ಡೀಲರ್ ಲಾಗಿನ್‌ನಲ್ಲಿ ಇದನ್ನು ಸರಿಪಡಿಸಿದವರು ಕ್ರಮ ತಿಳಿಸಿ.